ಒಂದೇ ಮ್ಯಾಪು, ಐದು ಮೆಟ್ಲು: ಟವರ್ ಡಿಫೆನ್ಸ್ ಆರಾಮಾಗಿ ಶುರು ಮಾಡಿ ಚಿಂಪ್ಸ್ ತನಕ ಹೋಗೋದು ಹೇಗೆ

ಟವರ್ ಡಿಫೆನ್ಸ್ ಅಂದ್ರೆ ಇಷ್ಟೇ: ಒಂದು ದಾರಿ ಇರತ್ತೆ, ಆ ದಾರೀಲಿ ಶತ್ರುಗಳು ಸಾಲಾಗಿ ಬರ್ತಾರೆ, ನೀವು ಪಕ್ಕದಲ್ಲಿ ಟವರ್ ಇಡ್ತೀರ, ಟವರ್ ತಾನೇ ಹೊಡಿಯತ್ತೆ, ಹೊಡೆದಷ್ಟಕ್ಕೆ ದುಡ್ಡು ಬರತ್ತೆ, ಆ ದುಡ್ಡಲ್ಲಿ ಮತ್ತೆ ಟವರ್. ಕೈಚಳಕ ಬೇಕಾಗಿಲ್ಲ, ಪಟಪಟ ಅಂತ ಬಟನ್ ಒತ್ತೋದೇನಿಲ್ಲ, ಹಾಗಾಗಿ ಸ್ಟ್ರಾಟಜಿ ಗೇಮ್ ಅಂದ್ರೆ ಹೆದರೋರಿಗೆ ಇದಕ್ಕಿಂತ ಒಳ್ಳೆ ಬಾಗಿಲು ನಂಗೊತ್ತಿಲ್ಲ. ಆದ್ರೆ ಬಹಳ ಜನ ಒಂದು ವಾರ ಆಡಿ, ಈಸೀಲಿ ಹತ್ತು ಮ್ಯಾಪ್ ಗೆದ್ದು, ಒಂದಿನ ಧೈರ್ಯ ಮಾಡಿ ಕಷ್ಟದ ಮೋಡ್ ಒತ್ತಿ, ಹತ್ತೇ ನಿಮಿಷಕ್ಕೆ ಸೋತು, ಇದು ನಮ್ ಕೈಲಾಗಲ್ಲ ಬಿಡು ಅಂತ ಡಿಲೀಟ್ ಮಾಡ್ತಾರೆ. ನಮ್ ಭಾವನೂ ಅದೇ ಮಾಡಕ್ಕೆ ಹೊರಟಿದ್ರು, ಅವ್ರ ಕಥೆ ಆಮೇಲೆ ಹೇಳ್ತೀನಿ.

ನಾನು ಇಲ್ಲಿ ಒಂದೇ ಗೇಮ್ ಹಿಡ್ಕೊಂಡು ಹೇಳ್ತೀನಿ, ಬ್ಲೂನ್ಸ್ ಟಿಡಿ 6. ಸ್ಟೋರಲ್ಲಿ Bloons TD 6 ಅಂತ ಹುಡುಕಿ. ನ್ಯೂಜಿಲೆಂಡಿನ ನಿಂಜಾ ಕಿವಿ ಅನ್ನೋ ಕಂಪನಿ 2018ರಲ್ಲಿ ಬಿಟ್ಟಿದ್ದು, ಇವತ್ತಿಗೂ ಅಪ್ಡೇಟ್ ಬರ್ತಾನೇ ಇದೆ, ಫೋನಲ್ಲೂ ಇದೆ ಕಂಪ್ಯೂಟರಲ್ಲೂ ಇದೆ. ಕೋತಿಗಳು ಬಲೂನು ಒಡಿಯೋ ಗೇಮು, ನೋಡಕ್ಕೆ ಪೂರ್ತಿ ಮಕ್ಕಳಾಟ. ಬೇರೆ ಒಳ್ಳೆ ಗೇಮ್ ಇಲ್ಲ ಅಂತಲ್ಲ. ಪ್ಲಾಂಟ್ಸ್ ವರ್ಸಸ್ ಝಾಂಬೀಸ್ ತುಂಬಾ ಜನ ಆಡಿರ್ತೀರ, ಆದ್ರೆ ಹಳೇ 2009ರದ್ರಲ್ಲಿ ನಿಮಗೆ ಎಷ್ಟು ಕಷ್ಟ ಬೇಕು ಅಂತ ಆರಿಸ್ಕೊಳ್ಳೋ ಬಟನ್ನೇ ಇಲ್ಲ. ಕಿಂಗ್‌ಡಮ್ ರಶ್ ಚೆನ್ನಾಗಿದೆ, ಕ್ಯಾಶುಯಲ್‌ನಿಂದ ವೆಟರನ್ ತನಕ ಇದೆ, ಮೂರು ಸ್ಟಾರ್ ತಗೊಂಡ ಮೇಲೆ ಒಂದೇ ಲೈಫಿನ ಚಾಲೆಂಜೂ ಇದೆ. ಬ್ಲೂನ್ಸ್‌ನಲ್ಲಿ ನಂಗೆ ಇಷ್ಟ ಏನಪ್ಪಾ ಅಂದ್ರೆ, ಒಂದೇ ಮ್ಯಾಪಲ್ಲಿ ಒಂದೊಂದೇ ಮೆಟ್ಲು ಹತ್ತಬಹುದು, ಯಾವ ಮೆಟ್ಲಲ್ಲಿ ಏನು ಕಿತ್ಕೊಂಡ್ರು ಅಂತ ಕಣ್ಣಿಗೆ ಕಾಣತ್ತೆ.

ಮೊದ್ಲು ಇದನ್ನ ತಿಳ್ಕೊಳ್ಳಿ: ಕಷ್ಟ ಎಲ್ಲಿಂದ ಬರತ್ತೆ

ಹಾರ್ಡ್ ಮೋಡ್ ಅಂದ್ರೆ ಬಲೂನುಗಳು ಗಟ್ಟಿಯಾಗತ್ತೆ ಅಂತ ಎಲ್ರೂ ಅನ್ಕೋತಾರೆ. ಅಷ್ಟಿಲ್ಲ. ಈಸೀಲಿ 24ನೇ ರೌಂಡಲ್ಲಿ ಬರೋ ಬಲೂನೇ ಹಾರ್ಡಲ್ಲೂ 24ನೇ ರೌಂಡಲ್ಲಿ ಬರತ್ತೆ, ಸ್ವಲ್ಪ ಜೋರಾಗಿ ಓಡತ್ತೆ ಅಷ್ಟೇ. ಮುಖ್ಯವಾಗಿ ಬದಲಾಗೋದು ಮೂರು. ಒಂದು, ಲೈಫು, ಅಂದ್ರೆ ಬಲೂನು ದಾರಿ ದಾಟಿ ಆಚೆ ಹೋದಾಗ ನೀವು ಕಳ್ಕೊಳ್ಳೋದು: ಈಸೀಲಿ 200, ಮೀಡಿಯಂ 150, ಹಾರ್ಡ್ 100, ಅದಕ್ಕೂ ಮೇಲಿನ ಎರಡು ಮೋಡ್ ಇಂಪಾಪಬಲ್ ಮತ್ತು ಚಿಂಪ್ಸ್‌ನಲ್ಲಿ ಒಂದೇ ಒಂದು. ಎರಡು, ರೇಟು: ಮೀಡಿಯಂ ರೇಟು ನೂರು ರೂಪಾಯಿ ಅಂತಿಟ್ಕೊಳ್ಳಿ, ಈಸೀಲಿ 85, ಹಾರ್ಡಲ್ಲಿ 108, ಇಂಪಾಪಬಲ್‌ನಲ್ಲಿ 120. ಮೂರು, ಎಷ್ಟು ರೌಂಡು: ಈಸಿ 40ಕ್ಕೆ ಮುಗಿಯತ್ತೆ, ಮೀಡಿಯಂ 60ಕ್ಕೆ, ಹಾರ್ಡ್ 80ಕ್ಕೆ, ಕೊನೇ ಎರಡು 100ಕ್ಕೆ.

ಅಂದ್ರೆ ಪ್ರಶ್ನೆಪತ್ರಿಕೆ ಒಂದೇ, ಪಾಸ್ ಮಾರ್ಕ್ ಬೇರೆ. ಇದು ತಲೇಲಿ ಕೂತ್ರೆ ಅರ್ಧ ಕೆಲಸ ಆಯ್ತು, ಯಾಕಂದ್ರೆ ಈಸೀಲಿ ನೀವು ಮಾಡಿದ ತಪ್ಪು ನಿಮಗೆ ಗೊತ್ತೇ ಆಗಿರಲ್ಲ, 200 ಲೈಫು ಅದನ್ನ ನುಂಗ್ಕೊಂಡಿರತ್ತೆ.

ಈಸಿ: ಮಂಕಿ ಮೆಡೋ, ಆರಾಮಾಗಿ

ಮೊದಲ ಮ್ಯಾಪು ಮಂಕಿ ಮೆಡೋ ತಗೊಳ್ಳಿ, ಅದನ್ನ ಬಿಟ್ಟು ಬೇರೆ ಕಡೆ ಹೋಗ್ಬೇಡಿ. ಈಸಿ, ಸ್ಟ್ಯಾಂಡರ್ಡ್. ಆಟ ಶುರುವಾದ ತಕ್ಷಣ ಸೆಟ್ಟಿಂಗ್ಸ್‌ಗೆ ಹೋಗಿ ಆಟೋ ಸ್ಟಾರ್ಟ್ ಆಫ್ ಇದ್ಯಾ ನೋಡಿ. ಆಫ್ ಇದ್ರೆ ಒಂದು ರೌಂಡ್ ಮುಗಿದ ಮೇಲೆ ನೀವು ಪ್ಲೇ ಒತ್ತೋ ತನಕ ಮುಂದಿನದು ಬರಲ್ಲ, ಕಾಫಿ ಕುಡ್ಕೊಂಡು ಬನ್ನಿ, ಯಾರೂ ಕೇಳಲ್ಲ. ಇದು ಚಿಂಪ್ಸ್‌ನಲ್ಲೂ ಹೀಗೇ. ಎಷ್ಟೋ ಜನ ಈ ಒಂದು ಬಟನ್ ಗೊತ್ತಿಲ್ದೆ ಗಾಬರೀಲಿ ಆಡ್ತಾರೆ.

ಕೈಯಲ್ಲಿ 650 ಇರತ್ತೆ. ಈಸಿ ರೇಟಲ್ಲಿ ಕ್ವಿನ್ಸಿ ಅನ್ನೋ ಬಿಲ್ಲುಗಾರ ಹೀರೋಗೆ 460, ಒಂದು ಡಾರ್ಟ್ ಮಂಕಿಗೆ 170, ಒಟ್ಟು 630, ಉಳಿಯೋದು 20. ಇವೆರಡನ್ನೂ ಹಾಕ್ಬಿಡಿ. ಹೀರೋ ಒಂದಾಟಕ್ಕೆ ಒಬ್ಬನೇ, ಆದ್ರೆ ಅವ್ನು ರೌಂಡ್ ಹೋದ ಹಾಗೆ ತಾನೇ ಲೆವೆಲ್ ಏರ್ತಾನೆ, ಅದಕ್ಕೆ ಬೇಗ ಹಾಕಿದಷ್ಟೂ ಲಾಭ. (ಅಪ್ಡೇಟಲ್ಲಿ ರೇಟು ಆಚೀಚೆ ಆಗ್ತಿರತ್ತೆ, ಹತ್ತಿಪ್ಪತ್ತು ವ್ಯತ್ಯಾಸ ಕಂಡ್ರೆ ನನ್ನ ಬೈಬೇಡಿ.)

ಎಲ್ಲಿ ಇಡೋದು ಅನ್ನೋದು ಏನು ಇಡೋದು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ. ಕೋತೀನ ಎಳ್ಕೊಂಡು ಹೋಗುವಾಗ ಸುತ್ತ ಒಂದು ವೃತ್ತ ಕಾಣತ್ತಲ್ಲ, ಅದು ಅದರ ಕೈಗೆಟುಕೋ ಜಾಗ. ಆ ವೃತ್ತದೊಳಗೆ ದಾರಿ ಎಷ್ಟು ಉದ್ದ ಬೀಳತ್ತೆ ಅಂತ ನೋಡಿ. ನೇರ ದಾರಿ ಪಕ್ಕ ಇಟ್ರೆ ಒಂದು ಸಲ ಹಾದು ಹೋಗತ್ತೆ, ದಾರಿ ಮಡಚ್ಕೊಂಡು ತಿರುಗೋ ಜಾಗದ ಒಳಗಡೆ ಇಟ್ರೆ ಅದೇ ಬಲೂನು ಹೋಗ್ತಾ ಬರ್ತಾ ಎರಡು ಸಲ ಸಿಗತ್ತೆ. ಅದೇ ದುಡ್ಡು, ಅದೇ ಕೋತಿ, ಡಬಲ್ ಕೆಲಸ. ಕೋತಿ ಮೇಲೆ ಒತ್ತಿದ್ರೆ ಇದುವರೆಗೂ ಎಷ್ಟು ಒಡೆದಿದೆ ಅಂತ ಲೆಕ್ಕ ತೋರ್ಸತ್ತೆ, ಎರಡು ಡಾರ್ಟ್ ಮಂಕಿ ಬೇರೆ ಬೇರೆ ಜಾಗದಲ್ಲಿಟ್ಟು ಹತ್ತು ರೌಂಡ್ ಆದ ಮೇಲೆ ಆ ಲೆಕ್ಕ ಹೋಲಿಸಿ ನೋಡಿ, ನಾನು ಹೇಳೋದಕ್ಕಿಂತ ಚೆನ್ನಾಗಿ ಅದೇ ಹೇಳತ್ತೆ.

ಅಪ್‌ಗ್ರೇಡ್ ಲೆಕ್ಕ ಒಂದ್ಸಲ ಹೇಳ್ಬಿಡ್ತೀನಿ. ಪ್ರತಿ ಕೋತಿಗೂ ಮೂರು ಸಾಲು, ಸಾಲಿಗೆ ಐದು ಹಂತ. ಮೂರರಲ್ಲಿ ಎರಡು ಸಾಲು ಮಾತ್ರ ಮುಟ್ಟಬಹುದು, ಆ ಎರಡರಲ್ಲೂ ಒಂದು ಮಾತ್ರ ಎರಡನೇ ಹಂತ ದಾಟಬಹುದು. ಅದಕ್ಕೆ ಆಡೋರು 0-0-2, 4-0-1 ಅಂತೆಲ್ಲ ಮಾತಾಡ್ತಾರೆ, ಮೇಲಿನ ಸಾಲು, ಮಧ್ಯದ್ದು, ಕೆಳಗಿನದು, ಅಷ್ಟೇ ಅರ್ಥ. ಡಾರ್ಟ್ ಮಂಕಿ 0-0-2 ಅಂದ್ರೆ ಕೆಳಗಿನ ಸಾಲಲ್ಲಿ ಎರಡು ಒತ್ತಿ.

ಈಸಿಯ ಕೊನೇ ಪರೀಕ್ಷೆ 40ನೇ ರೌಂಡಿನ ಮೋಬ್, ಅಂದ್ರೆ ದೊಡ್ಡ ವಿಮಾನದ ಥರದ ನೀಲಿ ಬಲೂನು. ಹೊರಗಿನ ಚಿಪ್ಪಿಗೇ 200 ಏಟು ಬೇಕು, ಒಡೆದ್ರೆ ಒಳಗಿಂದ ನಾಲ್ಕು ಸೆರಾಮಿಕ್ ಬಲೂನು ಬೀಳತ್ತೆ. ಪೂರ್ತಿ ತಪ್ಪಿಸ್ಕೊಂಡ್ರೆ 616 ಲೈಫಿನ ಲೆಕ್ಕ, ನಿಮ್ಮತ್ರ 200 ಇದ್ರೂ ಒಂದೇ ಏಟಿಗೆ ಖಲ್ಲಾಸ್. ಈಸೀಲಿ ಆಟ ನಿಮ್ಮನ್ನ ಕ್ಷಮಿಸ್ದೇ ಇರೋದು ಹೆಚ್ಚುಕಮ್ಮಿ ಇದೊಂದೇ.

ಭಾವ ಸೋತಿದ್ದು

ಈಗ ಕಥೆ. ಭಾವ ಈಸಿ ಗೆದ್ರು, ಮೀಡಿಯಂ ಗೆದ್ರು, ಹಾರ್ಡ್ ಒತ್ತಿದ್ರು. ಅವ್ರದ್ದು ಹೆಚ್ಚುಕಮ್ಮಿ ಒಂದೇ ಮಂತ್ರ, ದುಡ್ಡು ಬಂದಾಗೆಲ್ಲ ಡಾರ್ಟ್ ಮಂಕಿ. ಹೀರೋಗೆ ಅಷ್ಟು ದುಡ್ಡು ಯಾಕೆ, ಆ ದುಡ್ಡಲ್ಲಿ ಎರಡೂವರೆ ಡಾರ್ಟ್ ಮಂಕಿ ಬರತ್ತೆ ಅಂತ ಲೆಕ್ಕ. ಹಾರ್ಡಲ್ಲಿ 28ನೇ ರೌಂಡಿಗೆ ಹೋಯ್ತು ಆಟ. ನಂಗೆ ಫೋನ್ ಮಾಡಿ "ಲೋ, ಇದ್ರಲ್ಲಿ ಏನೋ ಮೋಸ ಇದೆ ಕಣೋ, ನೂರು ಲೈಫ್ ಇತ್ತು, ಒಂದು ನಿಮಿಷದಲ್ಲಿ ಎಲ್ಲ ಹೋಯ್ತು" ಅಂದ್ರು. "ಭಾವ, ಬೂದು ಬಣ್ಣದ್ದು ಬಂತಾ?" ಅಂದೆ. "ಹೂಂ, ಕೋತಿಗಳೆಲ್ಲ ಹೊಡೀತಾನೇ ಇದ್ವು, ಅದಕ್ಕೇನೂ ಆಗ್ಲಿಲ್ಲ."

28ನೇ ರೌಂಡಲ್ಲಿ ಬರೋದು ಆರು ಲೆಡ್ ಬಲೂನು, ಸೀಸದ್ದು. ಚೂಪಾದ ವಸ್ತು ಅದಕ್ಕೆ ನಾಟಲ್ಲ. ಡಾರ್ಟ್ ಚೂಪು, ಹನ್ನೆರಡು ಡಾರ್ಟ್ ಮಂಕಿ ಇದ್ರೂ ಅಷ್ಟೇ, ನೂರಿಪ್ಪತ್ತು ಇದ್ರೂ ಅಷ್ಟೇ. ಒಂದು ಲೆಡ್ ಆಚೆ ಹೋದ್ರೆ 23 ಲೈಫು. ಆರು ಹೋದ್ರೆ 138.

ಈಗ ಇದನ್ನ ಒಂದೊಂದು ಮೆಟ್ಲಿಗೂ ಹಾಕಿ ನೋಡಿ. ಈಸೀಲಿ 200ರಲ್ಲಿ 138 ಹೋಗಿ 62 ಉಳಿಯತ್ತೆ, ಆಟ ಮುಂದುವರಿಯತ್ತೆ, 30ನೇ ರೌಂಡಿನ ಒಂಬತ್ತು ಲೆಡ್ ಬರೋದ್ರೊಳಗೆ ಒಂದು ಬಾಂಬ್ ಟವರ್ ಇಟ್ರೆ ಗೆದ್ದೂ ಬಿಡ್ತೀರ. ಮೀಡಿಯಂನಲ್ಲಿ 150ರಲ್ಲಿ 12 ಉಳಿಯತ್ತೆ, ಎದೆ ಡವಡವ ಅನ್ನತ್ತೆ, ಆದ್ರೂ ಬದುಕಿರ್ತೀರ. ಹಾರ್ಡಲ್ಲಿ ಐದನೇ ಲೆಡ್ ದಾಟೋ ಹೊತ್ತಿಗೆ 115 ಆಯ್ತು, ಆಟ ಮುಗೀತು. ಚಿಂಪ್ಸ್‌ನಲ್ಲಿ ಮೊದಲನೇದಕ್ಕೇ. ಭಾವ ಈಸೀಲೂ ಇದೇ ತಪ್ಪು ಮಾಡಿದ್ರು, ಮೀಡಿಯಂನಲ್ಲೂ ಮಾಡಿದ್ರು, ಲೈಫ್ ಕಡಿಮೆ ಆಗಿದ್ದು ನೋಡಿ ಒಂದು ಬಾಂಬ್ ಟವರ್ ಹಾಕಿ "ಏನೋ ಸ್ವಲ್ಪ ಲೀಕ್ ಆಯ್ತು" ಅಂತ ಬಿಟ್ಟಿದ್ರು.

ಅದಕ್ಕೆ ಈಸಿ ಆಡ್ವಾಗ್ಲೇ ಒಂದು ಅಭ್ಯಾಸ ಮಾಡ್ಕೊಳ್ಳಿ, ಇಡೀ ಲೇಖನದಲ್ಲಿ ನೀವು ಒಂದೇ ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನೇ ಇಟ್ಕೊಳ್ಳಿ: ಲೈಫ್ ಎಷ್ಟು ಉಳೀತು ಅಂತಲ್ಲ, ಯಾವ ರೌಂಡಲ್ಲಿ ಇಳೀತು ಅಂತ ಒಂದು ಚೀಟೀಲಿ ಬರ್ಕೊಳ್ಳಿ. 24, 28, 33 ಅಂತ ನಂಬರ್ ಸಾಕು. ಆ ಚೀಟಿನೇ ನಿಮ್ಮ ಹಾರ್ಡ್ ಮೋಡಿನ ಸಿಲಬಸ್.

ಮೀಡಿಯಂ: ಉತ್ತರ ಹುಡುಕೋ ಮೆಟ್ಲು

ಮೀಡಿಯಂನಲ್ಲಿ ಗುರಿ ಗೆಲ್ಲೋದಲ್ಲ, ಲೀಕ್ ಇಲ್ದೆ ಗೆಲ್ಲೋದು, ಅಂದ್ರೆ 150ಕ್ಕೆ 150 ಉಳಿಸ್ಕೊಂಡು 60ನೇ ರೌಂಡ್ ಮುಗಿಸೋದು. ಚೀಟೀಲಿರೋ ನಂಬರುಗಳು ಹೆಚ್ಚಾಗಿ ಎರಡು ಥರದ ಪ್ರಶ್ನೆ.

ಮೊದಲನೇದು "ಮುಟ್ಟಕ್ಕಾಗತ್ತಾ" ಅನ್ನೋದು. 24ನೇ ರೌಂಡಲ್ಲಿ ಒಂದೇ ಒಂದು ಹಸಿರು ಕ್ಯಾಮೋ ಬಲೂನು ಬರತ್ತೆ, ಮೈಮೇಲೆ ಮಿಲಿಟರಿ ಬಟ್ಟೆ ಥರ ಚಿತ್ತಾರ. ಅದನ್ನ ನೋಡೋ ಶಕ್ತಿ ಇಲ್ಲದ ಕೋತಿ ಪಾಲಿಗೆ ಅದು ಇಲ್ಲವೇ ಇಲ್ಲ, ಕಣ್ಣೆದುರಿಗೇ ನಡ್ಕೊಂಡು ಹೋಗತ್ತೆ. ಬರೀ ಮೂರು ಲೈಫ್ ಹೋಗೋದ್ರಿಂದ ಈಸೀಲಿ ಯಾರೂ ಗಮನಿಸಲ್ಲ. ಡಾರ್ಟ್ ಮಂಕಿನ 0-0-2 ಮಾಡಿದ್ರೆ ಕಣ್ಣು ಬರತ್ತೆ, ನಿಂಜಾ ಮಂಕಿಗೆ ಹುಟ್ಟಿದಾಗ್ಲೇ ಇರತ್ತೆ. ಆಮೇಲೆ 28ರ ಲೆಡ್, ಅದಕ್ಕೆ ಬಾಂಬ್ ಶೂಟರ್ ಆಗತ್ತೆ, ಇಲ್ಲಾ ಸ್ನೈಪರ್ ಮಂಕಿ 1-0-0. ಸ್ನೈಪರ್ 1-1-0 ಮಾಡಿದ್ರೆ ಕ್ಯಾಮೋನೂ ಕಾಣತ್ತೆ ಲೆಡ್ಡೂ ಒಡಿಯತ್ತೆ, ಮ್ಯಾಪಲ್ಲಿ ಎಲ್ಲಿಟ್ರೂ ಗುರಿ ಸಿಗತ್ತೆ, ಹೊಸಬರಿಗೆ ನಾನು ಹೇಳೋದು ಇದನ್ನೇ. ಬಾಂಬೇ ಎಲ್ಲದಕ್ಕೂ ಆಗತ್ತೆ ಅಂತ ಬಾಂಬ್ ಮಾತ್ರ ಇಡ್ಬೇಡಿ, ಕಪ್ಪು ಬಲೂನಿಗೆ ಬಾಂಬ್ ತಾಗಲ್ಲ, ಲೆಡ್ ಒಡೆದ್ರೆ ಒಳಗಿಂದ ಬರೋದು ಎರಡು ಕಪ್ಪು ಬಲೂನೇ! ಬಾಂಬು ಚಿಪ್ಪು ಒಡಿಯತ್ತೆ, ಒಳಗಿನದನ್ನ ಡಾರ್ಟ್ ನೋಡ್ಕೊಳ್ಳತ್ತೆ, ಜೋಡಿ ಬೇಕು. ಹಾಗೇ ಪರ್ಪಲ್ ಬಲೂನಿಗೆ ಬೆಂಕಿ, ಮಂತ್ರ ಈ ಥರದ್ದು ತಾಗಲ್ಲ, ಬರೀ ವಿಜರ್ಡ್ ಮಂಕಿ ಇಟ್ಕೊಂಡೋರು ಅಲ್ಲಿ ಸಿಕ್ಕಾಕೋತಾರೆ.

ಎರಡನೇದು "ಸಾಕಾಗತ್ತಾ" ಅನ್ನೋದು. ಕೋತಿಗೆ ಮುಟ್ಟೋ ಶಕ್ತಿ ಇದೆ, ಆದ್ರೆ ಅಷ್ಟು ಬಲೂನು ಒಡಿಯಕ್ಕೆ ಟೈಮಿಲ್ಲ. ಇದರಲ್ಲೂ ಒಳಗೆ ಎರಡು ಜಾತಿ ಇದೆ, ಒಂದು ಗುಂಪು, ಇನ್ನೊಂದು ದಪ್ಪ. ಡಾರ್ಟ್ ಮಂಕಿ ಎಸೆಯೋ ಒಂದು ಡಾರ್ಟು ಎರಡು ಬಲೂನು ಒಡೆದು ಮಾಯ ಆಗತ್ತೆ, ಇದನ್ನ ಪಿಯರ್ಸ್ ಅಂತಾರೆ. ಐವತ್ತು ಬಲೂನು ಒತ್ತೊತ್ತಾಗಿ ಬಂದ್ರೆ ಪಿಯರ್ಸ್ ಜಾಸ್ತಿ ಇರೋದು ಬೇಕು. ಸ್ನೈಪರ್ ಹೊಡೆದ್ರೆ ಒಂದೇ ಬಲೂನಿಗೆ, ಆದ್ರೆ ಜೋರಾಗಿ, ಅದು ಮೋಬ್ ಥರದ ದಪ್ಪಂದಕ್ಕೆ ಸರಿ. ಸೋತಾಗ ಆಚೆ ಹೋಗಿದ್ದು ಏನು ಅಂತ ನೋಡಿ. ಸಣ್ಣಸಣ್ಣ ಬಲೂನು ರಾಶಿ ಹೋಗಿದ್ರೆ ಗುಂಪಿನ ಸಮಸ್ಯೆ. ಒಂದೇ ದೊಡ್ಡದು ಅರ್ಧಂಬರ್ಧ ಒಡೆದು ಹೋಗಿದ್ರೆ ದಪ್ಪದ ಸಮಸ್ಯೆ. ಯಾವುದೋ ಒಂದು ಏನೂ ಗಾಯ ಆಗ್ದೆ ಸಲೀಸಾಗಿ ಹೋಗಿದ್ರೆ ಅದು ಮೊದಲನೇ ಪ್ರಶ್ನೆ, ಮುಟ್ಟಕ್ಕೇ ಆಗಿಲ್ಲ. ಈ ಮೂರು ಬಿಟ್ಟು ನಾಲ್ಕನೇ ಕಾರಣಕ್ಕೆ ಸೋತೋರನ್ನ ನಾನು ಬಹಳ ಅಪರೂಪಕ್ಕೆ ನೋಡಿದೀನಿ.

ಟವರ್ ಮೇಲೆ ಒತ್ತಿದ್ರೆ ಫಸ್ಟ್, ಲಾಸ್ಟ್, ಕ್ಲೋಸ್, ಸ್ಟ್ರಾಂಗ್ ಅಂತ ಇರತ್ತೆ, ಯಾರಿಗೆ ಮೊದ್ಲು ಹೊಡೀಬೇಕು ಅನ್ನೋದು. ಹೆಚ್ಚಿನವು ಫಸ್ಟ್‌ನಲ್ಲೇ ಶುರುವಾಗತ್ತೆ. ಸ್ನೈಪರನ್ನ ಸ್ಟ್ರಾಂಗ್‌ಗೆ ಹಾಕಿ, ಉಳಿದಿದ್ದು ಹಾಗೇ ಬಿಡಿ. ದುಡ್ಡಿಲ್ದೆ ಸಿಗೋ ಅಪ್‌ಗ್ರೇಡ್ ಇದೊಂದೇ.

ಈ ಮೆಟ್ಲಲ್ಲಿ ಸ್ವಲ್ಪ ಬೇಜಾರಾದ್ರೆ ಈಸಿ ಕೆಳಗೆ ಡಿಫ್ಲೇಷನ್ ಅಂತ ಒಂದು ಮೋಡ್ ಇದೆ, ಅದನ್ನ ಆಡಿ. ಮೊದಲೇ 20,000 ಕೊಟ್ಬಿಡ್ತಾರೆ, ಆಮೇಲೆ ಒಂದು ಪೈಸೆ ಬರಲ್ಲ, 31ರಿಂದ 60ನೇ ರೌಂಡ್ ತನಕ ಅದ್ರಲ್ಲೇ ಸಂಸಾರ. ತಿಂಗಳ ಮೊದಲನೇ ತಾರೀಖು ಸಂಬಳ ಬಂದಾಗ ಹೇಗೋ ಹಾಗೆ, ಎಲ್ಲ ಒಂದೇ ದುಬಾರಿ ಕೋತಿಗೆ ಸುರಿದೋರು ಕ್ಯಾಮೋ ಬಂದಾಗ ಬಾಯಿ ಬಾಯಿ ಬಿಡ್ತಾರೆ.

ಹಾರ್ಡ್: ಒಂದೊಂದೇ ಅಕ್ಷರ ಬಿಡೋದು

ಹಾರ್ಡಲ್ಲಿ ಮೊದಲ ಸಲ 60 ದಾಟ್ತೀರ. ಇಲ್ಲಿ ಒಂದು ಗುಟ್ಟಿದೆ, ಆಟದಲ್ಲಿ ಎಲ್ಲೂ ದೊಡ್ಡದಾಗಿ ಬರೆದಿರಲ್ಲ. 50ನೇ ರೌಂಡ್ ದಾಟಿದ ಮೇಲೆ ಬಲೂನು ಒಡೆದಿದ್ದಕ್ಕೆ ಸಿಗೋ ದುಡ್ಡು ಅರ್ಧ ಆಗತ್ತೆ, 60 ದಾಟಿದ ಮೇಲೆ ಐದನೇ ಒಂದು ಭಾಗ, 85 ದಾಟಿದ ಮೇಲೆ ಹತ್ತನೇ ಒಂದು ಭಾಗ. ಬಲೂನು ಜಾಸ್ತಿ ಬರತ್ತೆ, ಕೈಗೆ ಬರೋದು ಕಮ್ಮಿ. ಅದಕ್ಕೇ "ಈಗ ಹೇಗೋ ತಳ್ಳೋಣ, ಮುಂದೆ ದುಡ್ಡು ಬಂದಾಗ ನೋಡ್ಕೊಳ್ಳೋಣ" ಅನ್ನೋರು 63ನೇ ರೌಂಡಲ್ಲಿ ಬೀಳ್ತಾರೆ. ಅವತ್ತು ಲೆಡ್ ಜೊತೆ ನೂರಿಪ್ಪತ್ತಕ್ಕೂ ಜಾಸ್ತಿ ಸೆರಾಮಿಕ್ ಗುಂಪುಗುಂಪಾಗಿ ಬರತ್ತೆ, ಒಂದೊಂದಕ್ಕೂ ಹತ್ತು ಏಟು ಕೊಟ್ರೆ ಹೊರಗಿನ ಚಿಪ್ಪು ಮಾತ್ರ ಹೋಗತ್ತೆ. 60ರಲ್ಲಿ ಬರೋ ಬಿಎಫ್‌ಬಿ, ಅಂದ್ರೆ ಮೋಬ್‌ಗಿಂತ ದೊಡ್ಡ ವಿಮಾನದ ಥರದ್ದು, ಅದನ್ನ ಒಡೆದು ಮೀಸೆ ತಿರುವ್ಕೊಂಡೋರು ಮೂರೇ ರೌಂಡ್ ಆದ ಮೇಲೆ ಸೋಲೋದು ಯಾಕಂದ್ರೆ ಎಲ್ಲ ದುಡ್ಡೂ ದಪ್ಪದ ಪ್ರಶ್ನೆಗೆ ಸುರಿದಿರ್ತಾರೆ, 63 ಕೇಳೋದು ಗುಂಪಿನ ಪ್ರಶ್ನೆ. 76ರಲ್ಲಿ ಇನ್ನೊಂದು ಸಲ ಅದನ್ನೇ ಕೇಳತ್ತೆ, ಈ ಸಲ ಅರವತ್ತು ಸೆರಾಮಿಕ್ ಒಂದಕ್ಕೊಂದು ಅಂಟ್ಕೊಂಡ ಹಾಗೆ ಬರತ್ತೆ. ಇದಕ್ಕೆ ತಿರುವಿನ ಒಳಗೆ ಸುತ್ತಲೂ ಮೊಳೆ ಹಾರಿಸೋ ಒಂದು ಒಳ್ಳೆ ಟ್ಯಾಕ್ ಶೂಟರ್, ಬಲೂನು ಆಚೆ ಹೋಗೋ ಬಾಗಿಲ ಹತ್ರ ಒಂದು ಸ್ಪೈಕ್ ಫ್ಯಾಕ್ಟರಿ 2-0-0 ಇಡಿ. ಸ್ಪೈಕ್ ಫ್ಯಾಕ್ಟರಿ ದಾರಿ ಮೇಲೆ ಮುಳ್ಳು ಹಾಕ್ತಾ ಹೋಗತ್ತೆ, ಮುಳ್ಳಿಗೆ ಕ್ಯಾಮೋ ಗೀಮೋ ಗೊತ್ತಿಲ್ಲ, 2-0-0 ಆದ್ರೆ ಲೆಡ್ಡಿಗೂ ನಾಟತ್ತೆ. ರೌಂಡ್ ನಡೀವಾಗ ಬಲೂನು ಬಂದು ಆ ಮುಳ್ಳಿನ ರಾಶಿ ಕರಗ್ತಿದ್ರೆ ನಿಮ್ಮ ಮುಂದಿನ ಸಾಲು ಸೋರ್ತಿದೆ ಅಂತ ಅರ್ಥ, ಲೈಫ್ ಹೋಗೋ ಮೊದಲೇ ಗೊತ್ತಾಗತ್ತೆ.

ಹಾರ್ಡ್ ಒಂದ್ಸಲ ಗೆದ್ದ ಮೇಲೆ ತಕ್ಷಣ ಚಿಂಪ್ಸ್‌ಗೆ ಹಾರಕ್ಕಾಗಲ್ಲ, ಆಟನೇ ಬಿಡಲ್ಲ, ಮಧ್ಯೆ ಆಲ್ಟರ್ನೇಟ್ ಬ್ಲೂನ್ಸ್ ರೌಂಡ್ಸ್, ಇಂಪಾಪಬಲ್ ಎರಡೂ ದಾಟ್ಬೇಕು. ಆ ಹೊತ್ತಲ್ಲಿ ನಾನು ಭಾವನಿಗೆ ಒಂದು ಕೆಲಸ ಕೊಟ್ಟೆ. ಚಿಂಪ್ಸ್ ಅನ್ನೋದು ಇಂಗ್ಲಿಷಲ್ಲಿ ಆರು ಅಕ್ಷರ, CHIMPS, ಆರೂ ನಿಷೇಧ: ಸೋತ ಮೇಲೆ ಕಂಟಿನ್ಯೂ ಇಲ್ಲ, ಲೈಫ್ ಕಳ್ಕೊಳ್ಳೋ ಹಾಗಿಲ್ಲ, ಬಾಳೆತೋಟ ಹಾಕಿ ದುಡ್ಡು ಬೆಳೆಯೋ ಹಾಗಿಲ್ಲ, ಮಂಕಿ ನಾಲೆಡ್ಜ್ ಇಲ್ಲ, ಪವರ್ ಇಲ್ಲ, ಇಟ್ಟ ಟವರ್ ಮಾರೋ ಹಾಗಿಲ್ಲ. ಆರನ್ನೂ ಒಟ್ಟಿಗೆ ಎದುರಿಸಿದ್ರೆ ಯಾವುದಕ್ಕೆ ಸೋತೆ ಅಂತ್ಲೇ ಗೊತ್ತಾಗಲ್ಲ. ಅದಕ್ಕೆ ಹಾರ್ಡ್ ಮೋಡಲ್ಲೇ ಒಂದೊಂದಾಗಿ ಬಿಡ್ತಾ ಬನ್ನಿ.

ಮೊದ್ಲು ಪವರ್ ಮತ್ತೆ ಕಂಟಿನ್ಯೂ ಬಿಡಿ, ಅದು ಸುಲಭ, ಒತ್ತದೇ ಇದ್ರೆ ಆಯ್ತು. ಆಮೇಲೆ ಮಂಕಿ ನಾಲೆಡ್ಜ್. ಇದು ನೀವು ಲೆವೆಲ್ ಏರಿದ ಹಾಗೆ ಸಿಗೋ ಶಾಶ್ವತ ಬೋನಸ್ಸು, ನಿಮಗೆ ಗೊತ್ತಿಲ್ದೇನೇ ಹಿಂದಿನಿಂದ ತಳ್ತಾ ಇರತ್ತೆ. ಅದರ ಸ್ಕ್ರೀನಲ್ಲೇ ಆಫ್ ಮಾಡಬಹುದು, ಮಾಡಿ ಆಡಿದ್ರೆ ಮೊದಲ ಹತ್ತು ರೌಂಡ್ ಎಷ್ಟು ಬಿಗಿಯಾಗಿದೆ ಅಂತ ತಿಳಿಯತ್ತೆ. ಮೂರನೇದು ಮಾರೋದು. ಮಾರಿದ್ರೆ ನೂರಕ್ಕೆ 70 ವಾಪಸ್ ಬರತ್ತೆ, ಹಾಗಾಗಿ ನಾವೆಲ್ಲ ತಪ್ಪು ಜಾಗದಲ್ಲಿ ಇಟ್ಟು ಆಮೇಲೆ ಮಾರಿ ಸರಿ ಮಾಡ್ಕೋತೀವಿ. ಮಾರದೇ ಆಡಿದ್ರೆ ಒಳ್ಳೆ ತಿರುವಿನ ಜಾಗಾನ ಶುರುವಿನಲ್ಲಿಟ್ಟ ಡಾರ್ಟ್ ಮಂಕಿ ಹಿಡ್ಕೊಂಡು ಕೂತಿರತ್ತೆ, ದುಬಾರಿ ಕೋತಿಗೆ ಜಾಗ ಇಲ್ಲ ಅನ್ನೋದು 70ನೇ ರೌಂಡಲ್ಲಿ ತಿಳಿಯತ್ತೆ. ಒಂದೆರಡು ಸಲ ಈ ಪಾಠ ಆಗ್ಲೇಬೇಕು. ನಾಲ್ಕನೇದು ಬಾಳೆತೋಟ, ಬನಾನಾ ಫಾರ್ಮ್. ಭಾವನಿಗೆ ಇದೇ ಕಷ್ಟ ಆಗಿದ್ದು, ಐದು ತೋಟ ಹಾಕ್ಕೊಂಡು ಜಮೀನ್ದಾರ್ರ ಥರ ಆಡ್ತಿದ್ರು, ತೋಟ ಬಿಟ್ಟ ದಿನ 63ಕ್ಕೆ ಹೋದ್ರು. ಕೊನೇದಾಗಿ ಲೈಫು, ಒಂದು ಲೀಕ್ ಆದ್ರೂ ನೀವೇ ರೀಸ್ಟಾರ್ಟ್ ಒತ್ತಿ.

ಚಿಂಪ್ಸ್: ಹಳೇ ಪ್ರಶ್ನೆ, ಎಲ್ಲ ಒಟ್ಟಿಗೆ

ಆಟ 6ನೇ ರೌಂಡಿಂದ ಶುರು, ಕೈಯಲ್ಲಿ ಅದೇ 650, ಹಾರ್ಡ್ ರೇಟು. ಮೇಲಿನ ಆರನ್ನೂ ಬಿಟ್ಟು ಹಾರ್ಡ್ ಗೆದ್ದಿದ್ರೆ 80ರ ತನಕ ಹೊಸದೇನೂ ಇಲ್ಲ. 80 ಆದ ಮೇಲೆ ಸೆರಾಮಿಕ್ ಹತ್ತು ಏಟಿನದ್ದು ಅರವತ್ತು ಏಟಿನದ್ದಾಗತ್ತೆ, ವಿಮಾನದ ಥರದವು ರೌಂಡಿಂದ ರೌಂಡಿಗೆ ಗಟ್ಟಿಯಾಗ್ತಾ ವೇಗವಾಗ್ತಾ ಹೋಗತ್ತೆ, ದುಡ್ಡು ಮಾತ್ರ ಹನಿಹನಿ.

ನಿಜವಾದ ಗೋಡೆ 90ನೇ ರೌಂಡು, ಅವತ್ತು ಡಿಡಿಟಿ ಅನ್ನೋದು ಮೊದಲ ಸಲ ಬರತ್ತೆ. ವಿಮಾನದಷ್ಟು ದಪ್ಪ, ಕ್ಯಾಮೋನೂ ಹೌದು, ಲೆಡ್ಡೂ ಹೌದು, ಬಾಂಬೂ ತಾಗಲ್ಲ, ಅದ್ರ ಮೇಲೆ ಓಟ ನೋಡಿದ್ರೆ ಸಣ್ಣ ಬಲೂನಿನ ಥರ. ಗಮನಿಸಿ, ಇದ್ರಲ್ಲಿ ಹೊಸ ಪ್ರಶ್ನೆ ಒಂದೂ ಇಲ್ಲ. 24ನೇ ರೌಂಡಿನ ಪ್ರಶ್ನೆ, 28ನೇದ್ದು, 40ನೇದ್ದು, ಮೂರನ್ನೂ ಒಂದೇ ಮೈಯಲ್ಲಿ ಹೊಲಿದಿದ್ದಾರೆ. ಹಾಗಾಗಿ ಉತ್ತರಾನೂ ಹಳೇದೇ, ದೊಡ್ಡದಾಗಿ ಬೇಕು ಅಷ್ಟೇ.

ಭಾವನಿಗೆ ನಾನು ಹೇಳಿದ್ದು ನಿಂಜಾ ಮತ್ತು ಆಲ್ಕೆಮಿಸ್ಟ್ ಜೋಡಿ. ನಿಂಜಾಗೆ ಕ್ಯಾಮೋ ಕಾಣತ್ತೆ, ಆದ್ರೆ ಅವನ ಚಕ್ರ ಚೂಪು, ಲೆಡ್ಡಿಗೆ ನಾಟಲ್ಲ. ಆಲ್ಕೆಮಿಸ್ಟ್ ಮಂಕಿನ ಪಕ್ಕದಲ್ಲಿಟ್ಟು 2-0-0 ಮಾಡಿದ್ರೆ ಅವ್ನು ಅಕ್ಕಪಕ್ಕದ ಕೋತಿಗಳ ಆಯುಧ ಆಸಿಡ್ಡಲ್ಲಿ ಅದ್ದಿ ಕೊಡ್ತಾನೆ, ಆಗ ಲೆಡ್ ಒಡಿಯತ್ತೆ. ಅದೇ ಸಾಲಲ್ಲಿ 3-0-0, 4-0-0 ಹೋದ ಹಾಗೆ ನಿಂಜಾ ಕೈ ಇನ್ನೂ ಜೋರಾಗತ್ತೆ. ನಿಂಜಾ ಮೇಲಿನ ಸಾಲಲ್ಲಿ 4-0-1 ತನಕ ಒಯ್ಯಿರಿ. ಈ ಜೋಡಿಯ ಚೆಂದ ಏನಂದ್ರೆ 28ನೇ ರೌಂಡಿಗೆ ಅಂತ ಕೊಟ್ಟ ದುಡ್ಡು 90ರಲ್ಲೂ ಕೆಲಸ ಮಾಡ್ತಿರತ್ತೆ, ಮಾರೋ ಹಾಗಿಲ್ಲದ ಮೋಡಲ್ಲಿ ಅದು ದೊಡ್ಡ ವಿಷಯ. ಇವರಿಬ್ಬರೇ 100ರ ತನಕ ಎಳಿಯಲ್ಲ, ಗುಂಪಿಗೆ ಒಬ್ಬ, ದಪ್ಪಂದಕ್ಕೆ ಒಬ್ಬ ಬೇರೆ ಬೇಕು, ಆದ್ರೆ ಬುನಾದಿ ಇದು. ಒಂದೇ ಎಚ್ಚರಿಕೆ, ಆಲ್ಕೆಮಿಸ್ಟ್ ತನ್ನ ವೃತ್ತದೊಳಗೆ ಯಾರಿದ್ರೂ ಔಷಧಿ ಎಸೀತಾನೆ, ಸುತ್ತ ಹತ್ತು ಡಾರ್ಟ್ ಮಂಕಿ ಇದ್ರೆ ಅರ್ಧ ಔಷಧಿ ಅವುಗಳ ಪಾಲು. ಹತ್ರ ಯಾರನ್ನೂ ಸೇರಿಸ್ಬೇಡಿ.

ಡಿಡಿಟೀನ ಚಿಂಪ್ಸ್ ಒಳಗೇ ಮೊದಲ ಸಲ ನೋಡಕ್ಕೆ ಹೋಗ್ಬೇಡಿ. ಮ್ಯಾಪ್ ಗೆದ್ದ ಮೇಲೆ ಸ್ಯಾಂಡ್‌ಬಾಕ್ಸ್ ತೆರೆಯತ್ತೆ, ಅಲ್ಲಿ ಬೇಕಾದ ಟವರ್ ಇಟ್ಟು ಬೇಕಾದ ಬಲೂನು ಬಿಡಬಹುದು. ನಿಮ್ಮ ಸೆಟಪ್ ಹಾಗೇ ಇಟ್ಟು ಮೂರು ಡಿಡಿಟಿ ಬಿಡಿ, ದಾರಿಯ ಅರ್ಧದೊಳಗೆ ಒಡೆದ್ರೆ ಸರಿ, ಬಾಗಿಲ ಹತ್ರ ಒಡೆದ್ರೆ 95ನೇ ರೌಂಡಲ್ಲಿ ಖಂಡಿತ ಹೋಗ್ತೀರ, ಅವತ್ತು ಅವು ಹಿಂಡಾಗಿ ಬರತ್ತೆ.

ಕೊನೇ ರೌಂಡ್ 100, ಒಂದೇ ಒಂದು ಬಿಎಡಿ, ವಿಮಾನದ ಥರದವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಹೊರಗಿನ ಚಿಪ್ಪಿಗೆ ಮೂಲ ಲೆಕ್ಕದಲ್ಲೇ 20,000 ಏಟು, 80 ಆದ ಮೇಲಿನ ಗಟ್ಟಿತನ ಸೇರಿದ್ರೆ 28,000, ನಿಧಾನ ಮಾಡೋ ಅಂಟು, ಮಂಜು ಯಾವುದೂ ಅದಕ್ಕೆ ನಡಿಯಲ್ಲ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಭಾವನ ಮೆಸೇಜು: "ಬಿಎಡಿ ಒಡೆದೆ ಕಣೋ, ಆದ್ರೂ ಸೋತೆ." ಸ್ಕ್ರೀನ್‌ಶಾಟ್ ನೋಡಿದ್ರೆ ಅವ್ರ ಕೋತಿಗಳೆಲ್ಲ ಮ್ಯಾಪಿನ ಮೊದಲ ಅರ್ಧದಲ್ಲಿ, ಬಾಗಿಲ ಹತ್ರ ಖಾಲಿ. ಬಿಎಡಿ ಒಡೆದಾಗ ಒಳಗಿಂದ ಝಡ್‌ಓಎಂಜಿ ಅನ್ನೋ ದೈತ್ಯ ವಿಮಾನದ ಥರದ್ದು ಎರಡು, ಡಿಡಿಟಿ ಮೂರು ಬೀಳತ್ತೆ. ಬಿಎಡಿ ನಿಧಾನ, ಆದ್ರೆ ಸಾಯೋ ಹೊತ್ತಿಗೆ ದಾರಿಯ ಕೊನೇ ಭಾಗಕ್ಕೆ ಬಂದಿರತ್ತೆ, ಅಲ್ಲಿಂದ ಡಿಡಿಟಿ ಆಚೆ ಹೋಗಕ್ಕೆ ಒಂದೆರಡು ಸೆಕೆಂಡ್ ಸಾಕು. 99ನೇ ರೌಂಡ್ ತನಕ ಸರಿಯಾಗಿ ಆಡಿ ಇಲ್ಲಿ ಬೀಳೋರು ಬಹಳ ಜನ. ಅದಕ್ಕೆ 90 ದಾಟಿದ ಮೇಲೆ ಬರೋ ಹನಿಹನಿ ದುಡ್ಡನ್ನ ಮುಂದಿನ ಸಾಲಿಗೆ ಹಾಕ್ಬೇಡಿ, ಬಾಗಿಲ ಹತ್ರ ಎರಡನೇ ನಿಂಜಾ, ಪಕ್ಕದಲ್ಲಿ ಎರಡನೇ ಆಲ್ಕೆಮಿಸ್ಟ್, ಒಂದು ಸ್ಪೈಕ್ ಫ್ಯಾಕ್ಟರಿ. ಭಾವನಿಗೂ ಅದನ್ನೇ ಬರೆದು ಕಳಿಸಿದೀನಿ, "ನಾಳೆ ಭಾನುವಾರ, ನೋಡ್ತೀನಿ" ಅಂದಿದ್ದಾರೆ.